9ನೇ ತರಗತಿ ಭೌತಶಾಸ್ತ್ರ: ಘಟಕ ಪರೀಕ್ಷೆಯ ನೀಲನಕ್ಷೆ

ಕನ್ನಡ ಮಾಧ್ಯಮ ಹೈಸ್ಕೂಲ್, ಕಾಸರಗೋಡು ಜಿಲ್ಲೆ
ಒಟ್ಟು ಅಂಕ: 40. ಸಮಯ: 90 ನಿಮಿಷ. ಕೂಲ್ ಆಫ್ ಟೈಮ್ 15 ನಿಮಿಷ ಬೇರೆ.

ಪ್ರಶ್ನೆ ಬರೆಯುವ ಟೀಚರಿಗೂ ಮಾಸ್ಟ್ರಿಗೂ: ಮೊದಲು ಪ್ರಶ್ನೆ ಬರೆದು ಆಮೇಲೆ ಕೋಷ್ಟಕ ತುಂಬಿಸುವ ಕೆಲಸ ಈ ಸಲ ಬೇಡ. ಹೋದ ಪರೀಕ್ಷೆಯಲ್ಲಿ ನಾನೇ ಹಾಗೆ ಮಾಡಿದ್ದೆ. ಒಂದೇ ಪಾಠಕ್ಕೆ ಅರ್ಧದಷ್ಟು ಅಂಕ ಹೋಗಿತ್ತು, ಅದೂ ಬರೀ ವ್ಯಾಖ್ಯೆಗಳಿಗೆ.

ಘಟಕಗಳ ಭಾರ

ಪಾಠಕ್ಕೆ ಹಿಡಿದ ಪೀರಿಯಡ್ ಲೆಕ್ಕದಲ್ಲಿ ಅಂಕ ಹಂಚಿದ್ದೇನೆ. ಒಟ್ಟು 28 ಪೀರಿಯಡ್: ಚಲನೆ 10, ಬಲ ಮತ್ತು ಚಲನೆಯ ನಿಯಮಗಳು 8, ಗುರುತ್ವಾಕರ್ಷಣೆ 6, ಕೆಲಸ ಮತ್ತು ಶಕ್ತಿ 4. ನೇರ ಲೆಕ್ಕಕ್ಕೆ 14, 11, 9, 6 ಬರುತ್ತದೆ. ಬಲದ ಪಾಠದಲ್ಲಿ ಲೆಕ್ಕ ಜಾಸ್ತಿ, ಆದ್ದರಿಂದ ಗುರುತ್ವಾಕರ್ಷಣೆಯಿಂದ ಒಂದು ಅಂಕ ತೆಗೆದು ಅಲ್ಲಿಗೆ ಕೊಟ್ಟಿದ್ದೇನೆ. ಕೊನೆಗೆ ನಿಂತದ್ದು 14, 12, 8, 6.

ಉದ್ದಿಷ್ಟಗಳ ಭಾರ

ಜ್ಞಾನ 8 (20%), ತಿಳುವಳಿಕೆ 14 (35%), ಅನ್ವಯ 12 (30%), ಕೌಶಲ 6 (15%).

ಪ್ರಶ್ನೆ ವಿಧ ಮತ್ತು ಸಮಯ

| ವಿಧ | ಪ್ರಶ್ನೆ | ಅಂಕ | ನಿಮಿಷ |
|---|---|---|---|
| ವಸ್ತುನಿಷ್ಠ (1 ಅಂಕ) | 8 | 8 | 12 |
| ಕಿರು ಉತ್ತರ (2 ಅಂಕ) | 6 | 12 | 24 |
| ಕಿರು ಉತ್ತರ (3 ಅಂಕ) | 4 | 12 | 28 |
| ದೀರ್ಘ ಉತ್ತರ (4 ಅಂಕ) | 2 | 8 | 18 |
| ಒಟ್ಟು | 20 | 40 | 82 |

ಉಳಿದ 8 ನಿಮಿಷ ಮತ್ತೊಮ್ಮೆ ಓದಿ ನೋಡುವುದಕ್ಕೆ. ಅದನ್ನು ಇನ್ನೊಂದು ಪ್ರಶ್ನೆಗೆ ಕೊಡುವುದು ಬೇಡ.

ಮುಖ್ಯ ಕೋಷ್ಟಕ

ಹೊರಗಿರುವ ಸಂಖ್ಯೆ ಒಂದು ಪ್ರಶ್ನೆಯ ಅಂಕ, ಆವರಣದೊಳಗಿನದು ಎಷ್ಟು ಪ್ರಶ್ನೆ ಎಂಬುದು.

| ಘಟಕ | ಜ್ಞಾನ | ತಿಳುವಳಿಕೆ | ಅನ್ವಯ | ಕೌಶಲ | ಒಟ್ಟು |
|---|---|---|---|---|---|
| ಚಲನೆ | 1(2), 2(1) | 1(1), 2(1) | 3(1) | 4(1) | 14 |
| ಬಲ | 1(1) | 2(1), 3(1) | 4(1) | 2(1) | 12 |
| ಗುರುತ್ವಾಕರ್ಷಣೆ | 1(2) | 1(1), 2(1) | 3(1) | – | 8 |
| ಕೆಲಸ, ಶಕ್ತಿ | 1(1) | 3(1) | 2(1) | – | 6 |
| ಒಟ್ಟು | 8 | 14 | 12 | 6 | 40 |

ಕೌಶಲದ ಕಾಲಂನಲ್ಲಿ ಎರಡು ಮನೆ ಖಾಲಿ ಇವೆ ಎಂದು ಗಾಬರಿ ಬೇಡ. ಎಲ್ಲ ಮನೆ ತುಂಬಲೇಬೇಕು ಅಂತ ನಿಯಮ ಇಲ್ಲ. ಚಲನೆಯಲ್ಲಿ ವೇಗ–ಸಮಯ ಗ್ರಾಫ್ ಬರೆಸುವುದು, ಬಲದಲ್ಲಿ ಮೇಜಿನ ಮೇಲಿನ ಪುಸ್ತಕದ ಚಿತ್ರದಲ್ಲಿ ಬಲಗಳ ದಿಕ್ಕು ತೋರಿಸುವುದು, ಅಷ್ಟು ಸಾಕು. ಉಳಿದೆರಡು ಪಾಠಕ್ಕೆ ಸುಮ್ನೆ ಒಂದು ಚಿತ್ರ ಅಂಟಿಸಿದರೆ ಅದು ಕೌಶಲ ಆಗುವುದಿಲ್ಲ.

ಅನ್ವಯದ ಮನೆಗಳೇ ನಿಜವಾದ ತಲೆನೋವು. ಪುಸ್ತಕದ ಲೆಕ್ಕದಲ್ಲಿ ಸಂಖ್ಯೆ ಬದಲಿಸಿ ಕೊಟ್ಟರೆ ಮಕ್ಕಳು ನೆನಪಿನಿಂದಲೇ ಮಾಡುತ್ತಾರೆ, ಅನ್ವಯಕ್ಕೆ ಜಾಗವೇ ಇಲ್ಲ. ಸನ್ನಿವೇಶ ಹೊಸದಿರಬೇಕು. ಬಲದ 4 ಅಂಕಕ್ಕೆ ನನ್ನದೊಂದು ಮಾದರಿ: ಚಂದ್ರಗಿರಿ ಹೊಳೆಯಲ್ಲಿ 120 ಕಿಲೋ ದ್ರವ್ಯರಾಶಿಯ ದೋಣಿ ನಿಂತಿದೆ. 60 ಕಿಲೋದ ಒಬ್ಬರು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ದಡಕ್ಕೆ ಹಾರುತ್ತಾರೆ. ದೋಣಿ ಯಾವ ಕಡೆಗೆ, ಎಷ್ಟು ವೇಗದಲ್ಲಿ ಸರಿಯುತ್ತದೆ? ಕಾರಣವೇನು? ನೀರಿನ ತಡೆ ಲೆಕ್ಕಿಸಬೇಡಿ. ಉತ್ತರ ಹಿಂದಕ್ಕೆ, ಸೆಕೆಂಡಿಗೆ 1 ಮೀಟರ್. ಅಂಕ: ದಿಕ್ಕು 1, ಕಾರಣ 1, ಲೆಕ್ಕ 2. ಗುರುತ್ವಾಕರ್ಷಣೆಗೆ 20 ಮೀಟರ್ ಎತ್ತರದಿಂದ ಬೀಳುವ ತೆಂಗಿನಕಾಯಿ ಹಾಕಬಹುದು. `g = 10 m/s²` ಎಂದು ಕೊಡಿ, 2 ಸೆಕೆಂಡ್ ಬರುತ್ತದೆ.

ಆಯ್ಕೆ 4 ಅಂಕದ ಎರಡು ಪ್ರಶ್ನೆಗಳಿಗೆ ಮಾತ್ರ. 'ಅಥವಾ' ಪ್ರಶ್ನೆ ಅದೇ ಘಟಕದ್ದು, ಅದೇ ಉದ್ದಿಷ್ಟದ್ದು ಆಗಿರಲಿ. ಗ್ರಾಫ್ ಬರೆಯಿರಿ ಅಥವಾ ವೇಗದ ವ್ಯಾಖ್ಯೆ ಬರೆಯಿರಿ ಎಂದರೆ ಈ ಕೋಷ್ಟಕ ಎಲ್ಲ ದಂಡ, ಅಲ್ವಾ?

ಕಠಿಣತೆ: ಸುಲಭ 12 ಅಂಕ, ಸಾಧಾರಣ 20, ಕಷ್ಟ 8. ಜ್ಞಾನ ಎಂದರೆ ಸುಲಭ, ಅನ್ವಯ ಎಂದರೆ ಕಷ್ಟ ಎಂದು ಜೋಡಿಸಬೇಡಿ. ತೆಂಗಿನಕಾಯಿ ಲೆಕ್ಕ ಸಾಧಾರಣವೇ.

ಇನ್ನೊಂದು ಮಾತು. ನಮ್ಮ ಮಕ್ಕಳಲ್ಲಿ ಮನೆಯಲ್ಲಿ ತುಳು, ಕೊಂಕಣಿ, ಮಲಯಾಳ ಮಾತಾಡುವವರೇ ಹೆಚ್ಚು. ಮಲಯಾಳದಿಂದ ಪದಕ್ಕೆ ಪದ ಇಳಿಸಿದ ವಾಕ್ಯ ಅವರಿಗೆ ಭೌತಶಾಸ್ತ್ರಕ್ಕಿಂತ ಕಷ್ಟ. ಪಾಠಪುಸ್ತಕದ ಪಾರಿಭಾಷಿಕ ಪದ ಬಿಡಬೇಡಿ, ಉಳಿದ ವಾಕ್ಯ ಚಿಕ್ಕದಾಗಿರಲಿ.

ಚಲನೆ, ಕೆಲಸ ಮತ್ತು ಶಕ್ತಿ ಟೀಚರಿಗೆ, ಉಳಿದೆರಡು ಮಾಸ್ಟ್ರಿಗೆ. ಪ್ರತಿ ಪ್ರಶ್ನೆಯ ಪಕ್ಕ ಘಟಕ, ಉದ್ದಿಷ್ಟ, ಅಂಕ, ನಿಮಿಷ ಬರೆದು ಉತ್ತರ ಸೂಚಿಯ ಜೊತೆ ಬುಧವಾರ ಕೊಡಿ. ಗುರುವಾರ ಕೊನೆಯ ಪೀರಿಯಡಿನಲ್ಲಿ ಸ್ಟಾಫ್ ರೂಮಿನಲ್ಲಿ ಕೂತು ಕೋಷ್ಟಕಕ್ಕೆ ತಾಳೆ ನೋಡುವ.