ಸಂಜೆಪಾಠ ಆ್ಯಪ್ ಜಾಹೀರಾತು: ಅಪ್ಪ ಅಮ್ಮನಿಗೆ ಒಂದು ಮಾತು, ಮಕ್ಕಳಿಗೆ ಬೇರೆ ಮಾತು

ಶೂಟಿಂಗ್ ತಂಡಕ್ಕೆ, ಸ್ಕ್ರಿಪ್ಟ್ ಬರೆದವರಿಂದ

ಸಂಜೆಪಾಠ ಐದರಿಂದ ಹತ್ತನೇ ತರಗತಿಯ ಮಕ್ಕಳಿಗೆ ಫೋನಿನಲ್ಲೇ ಪಾಠ ಹೇಳಿಕೊಡುವ ಆ್ಯಪ್. ಜಾಹೀರಾತಿನ ಊರು ತಿಪಟೂರು. ಎಲ್ಲ ಚಿತ್ರಗಳೂ ಒಂದೇ ಮನೆಯವು. ಅಪ್ಪ ಮಂಜುನಾಥ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತ. ಅಮ್ಮ ಸವಿತಾ ಮನೆಯ ಮುಂದಿನ ರೂಮಿನಲ್ಲೇ ಬಟ್ಟೆ ಹೊಲಿಯುತ್ತಾಳೆ. ಮಗಳು ರಕ್ಷಿತಾ ಹತ್ತನೇ ಕ್ಲಾಸು, ಮಗ ಚೇತನ್ ಏಳನೇ ಕ್ಲಾಸು. ಇಂಟರ್‌ನೆಟ್ ಇರುವ ಫೋನ್ ಮನೆಯಲ್ಲಿ ಒಂದೇ, ಅದೂ ಅಪ್ಪನದು. ಅವರು ಮನೆಗೆ ಬಂದ ಮೇಲೆಯೇ ಮಕ್ಕಳ ಕೈಗೆ ಸಿಗುವುದು.

ದೊಡ್ಡವರಿಗೂ ಮಕ್ಕಳಿಗೂ ಒಂದೇ ಜಾಹೀರಾತು ಮಾಡಿದರೆ ಇಬ್ಬರಿಗೂ ತಲುಪುವುದಿಲ್ಲ. ಅಪ್ಪ ಅಮ್ಮನ ತಲೆಯಲ್ಲಿ ಇರುವುದು ದುಡ್ಡು, ಫೋನಿನ ಚಟ, ಪರೀಕ್ಷೆ. ಮಗುವಿನ ತಲೆಯಲ್ಲಿ ಇರುವುದು ಒಂದೇ: ಕೇಳಿದರೆ ಎಲ್ಲರೂ ನಗುತ್ತಾರಾ? ಆದ್ದರಿಂದ ದರದ ಮಾತು ಮಕ್ಕಳ ಚಿತ್ರದಲ್ಲಿ ಬರಬಾರದು. "ಅಮ್ಮ, ನಂಗೂ ಇದು ಬೇಕು, ಕೊಡಿಸು" ಎಂದು ಮಗು ಹಟ ಹಿಡಿಯುವ ದೃಶ್ಯ ಬೇಡವೇ ಬೇಡ. ತಾವೇ ಕೊಳ್ಳಿ ಅಂತಲೋ, ಅಪ್ಪ ಅಮ್ಮನ ಹತ್ತಿರ ಕೊಡಿಸಿಕೊಳ್ಳಿ ಅಂತಲೋ ಮಕ್ಕಳಿಗೆ ನೇರವಾಗಿ ಹೇಳುವಂತಿಲ್ಲ ಎಂದು ಕೇಂದ್ರದ 2022ರ ಜಾಹೀರಾತು ಮಾರ್ಗಸೂಚಿಯಲ್ಲೇ ಇದೆ. ಅದಿಲ್ಲದಿದ್ದರೂ ನಾನು ಅದನ್ನು ಬರೆಯುತ್ತಿರಲಿಲ್ಲ. ಸಾಲದ ಕಂತು ಕಟ್ಟುತ್ತಿರುವ ಮನೆಯಲ್ಲಿ ಮಗುವನ್ನು ಮುಂದೆ ಬಿಟ್ಟು ದುಡ್ಡು ಕೇಳಿಸುವುದು ತಪ್ಪು.

ರ‍್ಯಾಂಕ್ ಬಂದ ಮಕ್ಕಳ ಫೋಟೊ, ಪಕ್ಕದ ಮನೆಯ ಹುಡುಗನ ಜೊತೆ ಹೋಲಿಕೆ, ಕಮ್ಮಿ ಮಾರ್ಕ್ಸ್ ಬಂದವನು ತಲೆ ತಗ್ಗಿಸಿ ನಿಲ್ಲುವುದು, ಇವು ಯಾವುದೂ ಇಲ್ಲ. ಶಾಲೆಯ ಮೇಷ್ಟ್ರನ್ನು ಕೆಟ್ಟದಾಗಿ ತೋರಿಸುವುದೂ ಇಲ್ಲ. ದೊಡ್ಡ ತರಗತಿಯಲ್ಲಿ ಒಬ್ಬರೇ ಎಷ್ಟು ಮಕ್ಕಳ ಹತ್ತಿರ ಹೋಗೋಕೆ ಆಗುತ್ತೆ, ಅಲ್ವಾ?

ಚಿತ್ರ 1: ಅಪ್ಪ ಅಮ್ಮನಿಗೆ. 90 ಸೆಕೆಂಡ್. ರಾತ್ರಿ ನ್ಯೂಸ್ ನಡುವೆ.

(ಮುಂದಿನ ರೂಮು. ಹೊಲಿಗೆ ಯಂತ್ರದ ಸದ್ದು. ಸವಿತಾ ಸೀರೆಗೆ ಫಾಲ್ಸ್ ಹಚ್ಚುತ್ತಿದ್ದಾಳೆ. ನೆಲದ ಮೇಲೆ ಚೇತನ್, ಮುಂದೆ ಗಣಿತದ ನೋಟ್ಸು.)

ಚೇತನ್: ಅಮ್ಮಾ, ಇದು ಹೆಂಗೆ?

(ಸವಿತಾ ಯಂತ್ರ ನಿಲ್ಲಿಸಿ ಬಗ್ಗಿ ನೋಡುತ್ತಾಳೆ. ತುಸು ಹೊತ್ತು ನೋಡುತ್ತಲೇ ಇರುತ್ತಾಳೆ.)

ಸವಿತಾ: ಇದೆಲ್ಲ ನಂಗೆ ಮರ್ತೇ ಹೋಗಿದೆ ಕಣೋ. ಅಪ್ಪ ಬರ್ಲಿ.

(ಮಂಜುನಾಥ ಬರುತ್ತಾರೆ. ಚಪ್ಪಲಿ ಬಿಡುತ್ತಿರುವಾಗಲೇ ಚೇತನ್ ಪುಸ್ತಕ ಹಿಡಿಯುತ್ತಾನೆ.)

ಮಂಜುನಾಥ: ನಾಳೆ ಮಿಸ್ ಹತ್ರ ಕೇಳ್ಕೊ ಮಗಾ.

ಚೇತನ್: ಮಿಸ್ಸು ಎಲ್ರಿಗೂ ಅರ್ಥ ಆಯ್ತಾ ಅಂತ ಕೇಳಿದ್ರು. ಎಲ್ರೂ ಆಯ್ತು ಅಂದ್ರು. ನಾನೂ ಅಂದೆ.

(ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಬೈಗುಳ ಇಲ್ಲ. ಇಲ್ಲಿ ಹಿನ್ನೆಲೆ ಸಂಗೀತ ಬೇಡ, ಫ್ಯಾನಿನ ಸದ್ದು ಸಾಕು.)

(ಮರುದಿನ ಮಧ್ಯಾಹ್ನ. ಸವಿತಾ ತನ್ನ ಕೀಪ್ಯಾಡ್ ಫೋನಿನಲ್ಲಿ, ಕತ್ತಿಗೆ ಟೇಪು.)

ಸವಿತಾ: ಮೇಡಂ, ಮೊದ್ಲೇ ಕೇಳ್ಬಿಡ್ತೀನಿ. ಎಷ್ಟಾಗುತ್ತೆ?

ಸಂಜೆಪಾಠದ ಹೆಣ್ಣು ದನಿ: ತಿಂಗಳಿಗೆ 349 ರೂಪಾಯಿ ಅಕ್ಕ. ಎಲ್ಲಾ ವಿಷಯಕ್ಕೂ ಸೇರಿ.

ಸವಿತಾ: ವರ್ಷದ್ದು ಒಟ್ಟಿಗೆ ಕಟ್ಟಿ, ಲೋನ್ ಮಾಡಿಸ್ಕೊಡ್ತೀವಿ ಅಂತೆಲ್ಲ ಆಮೇಲೆ ಹೇಳಲ್ಲ ತಾನೇ?

ದನಿ: ಇಲ್ಲಕ್ಕ. ವರ್ಷದ್ದು ನಾವು ತಗೊಳ್ಳೋದೇ ಇಲ್ಲ. ಲೋನೂ ಇಲ್ಲ. ಬೇಕಾದ ತಿಂಗಳು ಕಟ್ಟಿ, ಬೇಡ ಅನ್ಸಿದ್ರೆ ನಿಲ್ಸಿ. ಖಾತೆಯಿಂದ ತಾನಾಗೇ ದುಡ್ಡು ಹೋಗಲ್ಲ.

ಸವಿತಾ: ಫೋನ್ ಕೊಟ್ರೆ ಓದೋದು ಬಿಟ್ಟು ಇನ್ನೇನೋ ನೋಡ್ತಾ ಕೂರ್ತಾನೆ.

ದನಿ: ಪಾಠ 40 ನಿಮಿಷ. ಮುಗಿದ ಮೇಲೆ ಮುಂದಿನ ವೀಡಿಯೊ ತಾನಾಗಿ ಶುರು ಆಗಲ್ಲ, ಪರದೆ ಅಲ್ಲೇ ನಿಲ್ಲುತ್ತೆ. ಆದ್ರೂ ಮೊದಲ ವಾರ ನೀವು ಪಕ್ಕದಲ್ಲೇ ಕೂತ್ಕೊಳ್ಳಿ. ಅದೇ ಒಳ್ಳೇದು.

ಸವಿತಾ: ಮಾರ್ಕ್ಸ್ ಬರುತ್ತಾ?

(ಆ ಕಡೆ ಒಂದು ಉಸಿರಿನಷ್ಟು ಮೌನ.)

ದನಿ: ಇಷ್ಟೇ ಬರುತ್ತೆ ಅಂತ ನಾನು ಹೇಳಿದ್ರೆ ಸುಳ್ಳಾಗುತ್ತೆ ಅಕ್ಕ. ಅವನು ಕೇಳಿದ ಒಂದು ಪ್ರಶ್ನೆನೂ ನಾವು ಬಿಡಲ್ಲ, ಅದನ್ನ ಹೇಳ್ತೀನಿ. ಏಳು ದಿನ ಸುಮ್ನೆ ಕೂರ್ಸಿ ನೋಡಿ. ದುಡ್ಡು ಆಮೇಲಿನ ಮಾತು.

(ರಾತ್ರಿ ಏಳೂವರೆ. ಮಂಜುನಾಥ ಫೋನನ್ನು ಚೇತನ್ ಕೈಗೆ ಕೊಟ್ಟು, ತಾವೂ ಪಕ್ಕದಲ್ಲಿ ಚಕ್ಕಂಬಕ್ಕಲ ಹಾಕಿ ಕೂರುತ್ತಾರೆ. ಯಂತ್ರದ ಸದ್ದು ಮತ್ತೆ ಶುರು.)

ಹಿನ್ನೆಲೆ ದನಿ: ಸಂಜೆಪಾಠ. ಐದರಿಂದ ಹತ್ತನೇ ತರಗತಿವರೆಗೆ. ಕರ್ನಾಟಕ ರಾಜ್ಯ ಪಠ್ಯಕ್ರಮ, ಕನ್ನಡ ಮಾಧ್ಯಮ ಮತ್ತು ಇಂಗ್ಲಿಷ್ ಮಾಧ್ಯಮ. ಒಂದು ಬ್ಯಾಚಿಗೆ ಇಪ್ಪತ್ತೇ ಮಕ್ಕಳು.

(ಪರದೆ ಮೇಲೆ ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ: ತಿಂಗಳಿಗೆ ₹349. ಮೊದಲ 7 ದಿನ ಉಚಿತ. ಫಲಿತಾಂಶಕ್ಕೆ ಖಾತರಿ ಇಲ್ಲ. ಮೂರೂ ಸಾಲಿನ ಅಕ್ಷರ ಒಂದೇ ಅಳತೆ. ಮೂರನೆಯದನ್ನು ಚಿಕ್ಕದು ಮಾಡಬೇಡಿ.)

ಚಿತ್ರ 2: ಮಕ್ಕಳಿಗೆ, ಐದರಿಂದ ಎಂಟನೇ ತರಗತಿ. 45 ಸೆಕೆಂಡ್.

(ಹಿತ್ತಲು. ಬೆಳಿಗ್ಗೆ. ಸುಲಿದ ಮೂರು ತೆಂಗಿನಕಾಯಿ ಸಾಲಾಗಿ. ಚೇತನ್ ನೇರ ಕ್ಯಾಮೆರಾ ನೋಡಿ ಮಾತಾಡುತ್ತಾನೆ. ಓದಿ ಒಪ್ಪಿಸಿದ ಹಾಗೆ ಆಗಬಾರದು. ಮಾತು ತಪ್ಪಿದರೂ ಪರವಾಗಿಲ್ಲ, ಇಟ್ಟುಕೊಳ್ಳಿ.)

ಚೇತನ್: ಭಾಗ ಮಾಡಿದ್ರೆ ಕಮ್ಮಿ ಆಗ್ಬೇಕು ತಾನೇ? ಆರನ್ನ ಎರಡರಿಂದ ಭಾಗ್ಸಿದ್ರೆ ಮೂರು. ಸರಿ. ಇದು ನೋಡಿ.

(ಪರದೆ ಮೇಲೆ: 3 ÷ 1/2 = 6)

ಚೇತನ್: ಮೂರಿತ್ತು, ಭಾಗ್ಸಿದೆ, ಆರಾಯ್ತು! ಜಾಸ್ತಿ ಹೆಂಗಾಯ್ತು? "ತಿರುಗ್ಸಿ ಗುಣ್ಸು" ಅಂದ್ರು, ನಾನೂ ತಿರುಗ್ಸಿ ಗುಣ್ಸಿದೆ. ಉತ್ತರ ರೈಟು. ಆದ್ರೆ ಯಾಕೆ ಅಂತ ಗೊತ್ತಾಗ್ಲಿಲ್ಲ. ಕೇಳೋಕೆ ನಾಚ್ಕೆ.

(ಫೋನ್ ಪರದೆ. ಸಂಜೆಪಾಠದ ಮಿಸ್, ಹೆಸರು ಶೈಲಜಾ.)

ಶೈಲಜಾ ಮಿಸ್: ಚೇತನ್, ಒಳ್ಳೇ ಪ್ರಶ್ನೆ ಕಣೋ. ನಿಮ್ಮನೇಲಿ ತೆಂಗಿನಕಾಯಿ ಇದ್ಯಾ? ಮೂರು ತಗೊ. ಒಡೀತಾ ಹೋಗು.

(ಮಂಜುನಾಥ ಕಾಯಿ ಒಡೆಯುತ್ತಾರೆ. ಠಣ್. ಠಣ್. ಠಣ್. ಎಳನೀರಿನ ಹಾಗೆ ನೀರು ಚಿಮ್ಮುತ್ತದೆ, ರಕ್ಷಿತಾ ಲೋಟ ಹಿಡಿದು ಓಡಿ ಬರುತ್ತಾಳೆ. ಹೋಳುಗಳು ನೆಲದ ಮೇಲೆ ಸಾಲಾಗಿ. ಕ್ಯಾಮೆರಾ ಹತ್ತಿರ: ಬಿಳಿ ತಿರುಳು, ಅಂಚಿನಲ್ಲಿ ಅಂಟಿದ ನಾರು.)

ಶೈಲಜಾ ಮಿಸ್: ಮೂರರಲ್ಲಿ ಎಷ್ಟು ಅರ್ಧ ಇದೆ? ಎಣ್ಸು.

ಚೇತನ್: ಒಂದು, ಎರಡು, ಮೂರು, ನಾಲ್ಕು, ಐದು... ಆರು!

(ನಿಲ್ಲುತ್ತಾನೆ. ಮುಖ ಅರಳುವವರೆಗೆ ಕ್ಯಾಮೆರಾ ಕದಲಬಾರದು. ಇಡೀ ಜಾಹೀರಾತಿಗೆ ಇದೇ ಮುಖ್ಯ.)

ಚೇತನ್: ಓ! ಹಂಚಿದ್ದಲ್ಲ ಮಿಸ್, ಅರ್ಧ ಅರ್ಧ ಎಷ್ಟಿದೆ ಅಂತ ಎಣ್ಸಿದ್ದು!

ಚೇತನ್ (ಕ್ಯಾಮೆರಾಗೆ): ಇಲ್ಲಿ ಪ್ರಶ್ನೆ ಬರೆದು ಕಳ್ಸಿದ್ರೆ ಯಾರು ಕೇಳಿದ್ದು ಅಂತ ಮಿಸ್‌ಗೆ ಮಾತ್ರ ಗೊತ್ತಾಗುತ್ತೆ. ಒಂದೇ ಪ್ರಶ್ನೆನ ನಾಲ್ಕು ಸಲ ಕೇಳಿದ್ರೂ ಬೈಯಲ್ಲ. ನಿಮ್ಗೂ ಇಂಥ "ಯಾಕೆ" ಯಾವ್ದಾದ್ರೂ ಇದ್ಯಾ?

(ಸಂಜೆಪಾಠ ಎಂಬ ಹೆಸರು ಮಾತ್ರ. ದರ ಇಲ್ಲ. "ಈಗಲೇ ಡೌನ್‌ಲೋಡ್ ಮಾಡಿ" ಇಲ್ಲ.)

ತಂಡಕ್ಕೆ ಒಂದು ಮಾತು: ಈ ಲೆಕ್ಕ ಜಾಹೀರಾತಿನೊಳಗೇ ಪೂರ್ತಿ ಅರ್ಥವಾಗಬೇಕು. ಆ್ಯಪ್ ತೆಗೆದುಕೊಳ್ಳದ ಮಗುವಿಗೂ ಭಿನ್ನರಾಶಿಯ ಭಾಗಾಕಾರ ತಿಳಿದಿರಲಿ. ಅರ್ಧಕ್ಕೆ ನಿಲ್ಲಿಸಿ "ಉತ್ತರ ಆ್ಯಪಿನಲ್ಲಿ" ಅನ್ನುವ ಜಾಣತನ ಬೇಡ.

ಚಿತ್ರ 3: ಹತ್ತನೇ ತರಗತಿಯವರಿಗೆ. 30 ಸೆಕೆಂಡ್.

(ಬೆಳಿಗ್ಗೆ ಐದೂವರೆ. ಅಡುಗೆಮನೆಯ ಬೆಳಕು. ರಕ್ಷಿತಾ ಶಾಲು ಹೊದ್ದು ಕೂತಿದ್ದಾಳೆ. ರಾತ್ರಿಯ ಪಾಠದ ರೆಕಾರ್ಡಿಂಗ್ ಕಡಿಮೆ ಡೇಟಾದಲ್ಲಿ ಓಡುತ್ತಿದೆ.)

ರಕ್ಷಿತಾ: ಸಂಜೆ ಫೋನು ತಮ್ಮಂದು. ಬೆಳಿಗ್ಗೆ ನಂದು. ಪರೀಕ್ಷೇಲಿ ಪ್ರಥಮ ಭಾಷೆಗೇ 125 ಮಾರ್ಕ್ಸು. ನಾನು ಗಣಿತ, ವಿಜ್ಞಾನ ಅಂತ ಓಡ್ತಾ ಕನ್ನಡ ಪುಸ್ತಕ ಮುಟ್ಟೇ ಇರ್ಲಿಲ್ಲ. ಮಿಸ್ ವಾರದ ಪಟ್ಟಿ ಮಾಡ್ಕೊಟ್ರು. ಅದ್ರಲ್ಲಿ ಭಾನುವಾರ ಮಧ್ಯಾಹ್ನ ಖಾಲಿ ಬಿಟ್ಟಿದ್ರು. ಯಾಕೆ ಮಿಸ್ ಅಂದೆ. ನಿದ್ದೆ ಮಾಡು ಅಂದ್ರು.

(ನಗುತ್ತಾಳೆ. ಪೆನ್ನಿನಿಂದ ಪಟ್ಟಿಯಲ್ಲಿ ಒಂದು ಗೆರೆ ಹೊಡೆಯುತ್ತಾಳೆ. ಸಂಜೆಪಾಠ.)

"ಜೀವನದ ತಿರುವು", "ಇದೊಂದೇ ಅವಕಾಶ" ಎಂಬ ಮಾತನ್ನು ಎಡಿಟಿಂಗಿನಲ್ಲೂ ಸೇರಿಸಬೇಡಿ. ಎಸ್‌ಎಸ್‌ಎಲ್‌ಸಿಗೆ ಈಗ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶ ಇವೆ. ಇದೊಂದೇ ಅನ್ನುವುದು ಸುಳ್ಳು, ಅದರ ಭಯ ಮಾತ್ರ ಮಕ್ಕಳಿಗೆ ನಿಜ.

ರೇಡಿಯೊ: ಅಪ್ಪಂದಿರಿಗೆ. 25 ಸೆಕೆಂಡ್. ಸಂಜೆ ಬಸ್ಸಿನ ಹೊತ್ತು.

(ಬಸ್ ಸ್ಟ್ಯಾಂಡಿನ ಗದ್ದಲ, ಕಂಡಕ್ಟರ್ ಸೀಟಿ.)

ಮಂಜುನಾಥ: ಮಂಡೀಲಿ ದಿನಾ ಕ್ವಿಂಟಾಲ್ ಲೆಕ್ಕ ಬರೀತೀನಿ. ಮಗನ ಪುಸ್ತಕದ ಲೆಕ್ಕ ನಂಗೆ ಬರಲ್ಲ. ಅದಕ್ಕೆ ಬೇಜಾರಿತ್ತು. ಈಗ ಪಾಠ ಅವ್ರು ಮಾಡ್ತಾರೆ, ನಾನು ಪಕ್ಕದಲ್ಲಿ ಕೂರ್ತೀನಿ. ಮುಗಿದ ಮೇಲೆ "ಇವತ್ತು ಏನು ಹೇಳ್ಕೊಟ್ರು, ನಂಗೂ ಹೇಳು" ಅಂತೀನಿ. ಹೇಳ್ತಾನೆ.

ದನಿ: ಸಂಜೆಪಾಠ. ತಿಂಗಳಿಗೆ 349 ರೂಪಾಯಿ. ಮೊದಲ ಏಳು ದಿನ ಉಚಿತ. ಫಲಿತಾಂಶಕ್ಕೆ ಖಾತರಿ ಇಲ್ಲ.

ಆ್ಯಪ್ ತೆರೆದಾಗ ಕಾಣುವ ಮಾತು

ಜಾಹೀರಾತು ನೋಡಿ ಬಂದವರು ಮೊದಲು ಕಾಣುವುದು ಇದನ್ನೇ. ಆದ್ದರಿಂದ ಇದೂ ಸ್ಕ್ರಿಪ್ಟಿನ ಭಾಗ. ಎರಡು ಬಾಗಿಲು ಇರುತ್ತವೆ.

*ನಾನು ವಿದ್ಯಾರ್ಥಿ* ಎಂದು ಒತ್ತಿದರೆ:

ನಮಸ್ಕಾರ! ನೀನು ಯಾವ ಕ್ಲಾಸು? ಯಾವ ಪಾಠದಲ್ಲಿ ಸಿಕ್ಕಿಹಾಕಿಕೊಂಡಿದ್ದೀಯ? ಇಲ್ಲಿರುವ ಮೂರು ಪಾಠಗಳನ್ನು ಹೆಸರು, ನಂಬರ್ ಏನೂ ಕೊಡದೆ ಈಗಲೇ ನೋಡಬಹುದು. ಮಿಸ್ ಜೊತೆ ಮಾತಾಡಬೇಕು ಅಂದ್ರೆ ಮಾತ್ರ ಅಪ್ಪ, ಅಮ್ಮ ಅಥವಾ ಮನೆಯ ದೊಡ್ಡವರು ಒಪ್ಪಬೇಕು. ಅವರಿಗೆ ಪುರುಸೊತ್ತು ಇದ್ದಾಗ ಫೋನ್ ಕೊಡು. ಅವಸರ ಇಲ್ಲ. ನಿನ್ನ ಶಾಲೆಯ ಪಠ್ಯಪುಸ್ತಕ ಕಳೆದುಹೋಗಿದ್ದರೆ ದೀಕ್ಷಾ ಆ್ಯಪಿನಲ್ಲಿ ಉಚಿತವಾಗಿ ಸಿಗುತ್ತೆ, ಅದನ್ನೂ ನೋಡು.

*ನಾನು ಪೋಷಕ* ಎಂದು ಒತ್ತಿದರೆ:

ನಿಮ್ಮ ಮಗುವಿನ ಹೆಸರು, ತರಗತಿ, ನಿಮ್ಮ ಫೋನ್ ನಂಬರ್, ಇಷ್ಟೇ ಕೇಳುತ್ತೇವೆ. 18 ವರ್ಷದೊಳಗಿನ ಮಕ್ಕಳ ಮಾಹಿತಿ ಪಡೆಯಲು ಪೋಷಕರ ಒಪ್ಪಿಗೆ ಬೇಕು ಎಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಆದ್ದರಿಂದ ನಿಮ್ಮನ್ನೇ ಕೇಳುತ್ತಿದ್ದೇವೆ. ಮಗುವಿನ ಫೋಟೊ ಬೇಡ. ಫೋನಿನಲ್ಲಿರುವ ಬೇರೆ ನಂಬರ್‌ಗಳೂ ಬೇಡ. ಉಚಿತ ವಾರ ಮುಗಿಯುವ ಹಿಂದಿನ ದಿನ ಒಂದು ಮೆಸೇಜ್ ಕಳಿಸುತ್ತೇವೆ. ನೀವು ಏನೂ ಮಾಡದಿದ್ದರೆ ಪಾಠ ನಿಲ್ಲುತ್ತದೆ, ದುಡ್ಡು ಕಡಿತವಾಗುವುದಿಲ್ಲ. "ಯಾಕೆ ಸೇರಲಿಲ್ಲ" ಅಂತ ಮತ್ತೆ ಮತ್ತೆ ಫೋನ್ ಮಾಡುವುದೂ ಇಲ್ಲ. ನಿಮಗೆ ಏನಾದರೂ ಕೇಳಬೇಕಿದ್ದರೆ ಬೆಳಿಗ್ಗೆ ಹತ್ತರಿಂದ ರಾತ್ರಿ ಒಂಬತ್ತರವರೆಗೆ ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ. ಕೆಳಗಿನ ಹಸಿರು ಗುಂಡಿ ಒತ್ತಿ.