ಮ್ಯಾಟ್ರಿಕ್ಸ್: ಮೊದಲು ಚಿತ್ರ, ಆಮೇಲೆ ಲೆಕ್ಕ

ಸೋಮವಾರದ ಲೀನಿಯರ್ ಆಲ್ಜಿಬ್ರಾ ಕ್ಲಾಸಿನ ನನ್ನ ನೋಟ್ಸ್ ಹನ್ನೊಂದು ಪುಟ ಆಯಿತು. ರಾತ್ರಿ ತಿರುವಿ ನೋಡಿದರೆ ಅದರಲ್ಲಿ ಒಂದೂ ಚಿತ್ರ ಇಲ್ಲ. ಸರ್ ಗಾಳಿಯಲ್ಲಿ ಕೈಯಾಡಿಸಿ "ಹೀಗೆ ತಿರುಗುತ್ತೆ, ಹೀಗೆ ವಾಲುತ್ತೆ" ಅಂತ ತೋರಿಸಿದ್ದು ಯಾರ ನೋಟ್ಸಿಗೂ ಬಂದಿಲ್ಲ. ಆ ಕೈಯಾಟವನ್ನೇ ಈ ಹಾಳೆಯಲ್ಲಿ ಹಿಡಿದಿಟ್ಟಿದ್ದೇನೆ. ಪ್ರೂಫ್‌ಗಳನ್ನು ಬಿಟ್ಟಿದ್ದೇನೆ, ಅವು ನೋಟ್ಸಿನಲ್ಲಿವೆ. ಎಲ್ಲ ಉದಾಹರಣೆಯೂ 2×2. ಒಂದು ಗ್ರಾಫ್ ಶೀಟ್, ಎರಡು ಬಣ್ಣದ ಪೆನ್ ಇಟ್ಟುಕೊಂಡು ಕೂತರೆ ಒಳ್ಳೆಯದು.

ಎಲ್ಲಕ್ಕೂ ಮೊದಲು: ಕಾಲಂ ನೋಡಿ

ರಂಗೋಲಿ ಚುಕ್ಕಿಗಳ ಹಾಗೆ ಒಂದು ಚುಕ್ಕಿ ಹಾಳೆ ಅಂದುಕೊಳ್ಳಿ. ನಡುವಿನ ಚುಕ್ಕಿ (0,0). ಅಲ್ಲಿಂದ ಎರಡು ಬಾಣ: ಬಲಕ್ಕೆ ಒಂದು ಹೆಜ್ಜೆ (1,0), ಮೇಲಕ್ಕೆ ಒಂದು ಹೆಜ್ಜೆ (0,1). ಮ್ಯಾಟ್ರಿಕ್ಸ್ ಈ ಎರಡು ಬಾಣಗಳನ್ನು ಬೇರೆ ಜಾಗಕ್ಕೆ ಒಯ್ಯುತ್ತದೆ. ಎಲ್ಲಿಗೆ ಅನ್ನುವುದನ್ನು ಅದರ ಕಾಲಂಗಳೇ ಹೇಳುತ್ತವೆ.

```
A = | 2  1 |
    | 1  3 |
```

ಮೊದಲ ಕಾಲಂ (2,1): ಬಲದ ಬಾಣ ಅಲ್ಲಿಗೆ ಹೋಯಿತು. ಎರಡನೆಯ ಕಾಲಂ (1,3): ಮೇಲಿನ ಬಾಣ ಅಲ್ಲಿಗೆ ಹೋಯಿತು. ಈ ಎರಡು ಬಾಣ ಗೊತ್ತಾದರೆ ಮಿಕ್ಕ ಎಲ್ಲ ಚುಕ್ಕಿಗಳೂ ಎಲ್ಲಿ ಹೋಗುತ್ತವೆ ಅಂತ ಗೊತ್ತಾದ ಹಾಗೆ. ಈ ಹಾಳೆಯಲ್ಲಿ ಒಂದೇ ಸಾಲು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಮ್ಯಾಟ್ರಿಕ್ಸ್ × ವೆಕ್ಟರ್

x = (3,2) ಅಂದರೆ ಬಲಕ್ಕೆ 3 ಹೆಜ್ಜೆ, ಮೇಲಕ್ಕೆ 2 ಹೆಜ್ಜೆ. A ಬಂದ ಮೇಲೂ ಹೆಜ್ಜೆಗಳ ಎಣಿಕೆ ಅದೇ. ಹೆಜ್ಜೆ ಹಾಕುವ ದಿಕ್ಕು ಮತ್ತು ಉದ್ದ ಮಾತ್ರ ಬದಲಾಗಿದೆ.

```
Ax = 3·(2,1) + 2·(1,3)
   = (6,3) + (2,6)
   = (8,9)
```

ಗ್ರಾಫ್ ಶೀಟಿನಲ್ಲಿ (2,1) ಬಾಣವನ್ನು ಮೂರು ಸಲ ಒಂದರ ತುದಿಗೆ ಒಂದು ಜೋಡಿಸಿ. ಆ ತುದಿಯಿಂದ (1,3) ಬಾಣವನ್ನು ಎರಡು ಸಲ ಎಳೆಯಿರಿ. ನೀವು ನಿಂತಿರುವುದು (8,9)ರ ಮೇಲೆ.

ಪಿಯುಸಿಯಲ್ಲಿ ಕಲಿತದ್ದು ಸಾಲು ಹಿಡಿದು ಗುಣಿಸುವ ವಿಧಾನ: 2×3 + 1×2 = 8, 1×3 + 3×2 = 9. ಉತ್ತರ ಅದೇ, ಆದರೆ ಚಿತ್ರ ಬೇರೆ. ಸಾಲಿನ ವಿಧಾನಕ್ಕೆ ಸರಿಯಾದ ಚಿತ್ರ ಹೋಟೆಲ್ ಬಿಲ್. ಮೊದಲ ಹೋಟೆಲಿನಲ್ಲಿ ಇಡ್ಲಿ 15, ವಡೆ 20 ರೂಪಾಯಿ. ಎರಡನೆಯದರಲ್ಲಿ 12 ಮತ್ತು 25. ನೀವು ತಿಂದದ್ದು 4 ಇಡ್ಲಿ, 2 ವಡೆ.

```
| 15  20 |   | 4 |   | 100 |
| 12  25 | × | 2 | = |  98 |
```

ಒಂದೊಂದು ಸಾಲೂ ಒಂದೊಂದು ಹೋಟೆಲಿನ ಬಿಲ್. ಡಾಟ್ ಪ್ರಾಡಕ್ಟ್ ಅಂದರೆ ದರ ಗುಣಿಸು ಎಣಿಕೆ, ಆಮೇಲೆ ಎಲ್ಲ ಕೂಡಿಸು, ಅಷ್ಟೆ. ಹಾಗಾದರೆ ಯಾವುದನ್ನು ಯಾವಾಗ ಬಳಸುವುದು? ಕೈಯಲ್ಲಿ ಲೆಕ್ಕ ಮಾಡುವಾಗ ಸಾಲು, ಏನಾಗುತ್ತಿದೆ ಅಂತ ನೋಡುವಾಗ ಕಾಲಂ. ನನಗೆ ಇಷ್ಟು ದಿನ ಅರ್ಥವಾಗದೆ ಇದ್ದದ್ದು ಸಾಲಿನಲ್ಲೇ ಸಿಕ್ಕಿಹಾಕಿಕೊಂಡಿದ್ದರಿಂದ.

ಕೂಡುವುದು, ಒಂದು ಸಂಖ್ಯೆಯಿಂದ ಗುಣಿಸುವುದು

ಇಲ್ಲಿ ಜಾಸ್ತಿ ಹೇಳುವುದೇನೂ ಇಲ್ಲ. A + B ಅಂದರೆ A ಒಯ್ದ ಬಾಣದ ತುದಿಗೆ B ಒಯ್ದ ಬಾಣವನ್ನು ಜೋಡಿಸುವುದು. 2A ಅಂದರೆ ಎಲ್ಲ ಬಾಣಗಳೂ ಎರಡು ಪಟ್ಟು ಉದ್ದ. −A ಅಂದರೆ ಎಲ್ಲವೂ ಎದುರು ದಿಕ್ಕಿಗೆ.

ಮ್ಯಾಟ್ರಿಕ್ಸ್ × ಮ್ಯಾಟ್ರಿಕ್ಸ್

ಎಲ್ಲರೂ ಎಡವುವ ಜಾಗ ಇದು. "ಸಾಲನ್ನು ಕಾಲಂಗೆ ಯಾಕೆ ಗುಣಿಸಬೇಕು, ಆಯಾ ಜಾಗದ ಸಂಖ್ಯೆಯನ್ನೇ ಗುಣಿಸಿದರೆ ಆಗಲ್ವಾ?" ಅಂತ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. ಒಳ್ಳೆಯ ಪ್ರಶ್ನೆ. ಗುಣಾಕಾರ ಅಂದರೆ ಇಲ್ಲಿ ಒಂದು ಕೆಲಸ ಮುಗಿಸಿ ಇನ್ನೊಂದು ಕೆಲಸ ಮಾಡುವುದು. ಗಣಿತಜ್ಞ ಆರ್ಥರ್ ಕೇಲಿ 1858ರ ಲೇಖನದಲ್ಲಿ ನಿಯಮವನ್ನು ಹೀಗೆ ಇಟ್ಟದ್ದೂ ಅದಕ್ಕೇ: ಒಂದು ಸಮೀಕರಣದ ಗುಂಪನ್ನು ಇನ್ನೊಂದರೊಳಗೆ ಹಾಕಿದರೆ ಬರುವ ಸಂಖ್ಯೆಗಳು ಇವೇ.

ಎರಡು ಕೆಲಸ ತೆಗೆದುಕೊಳ್ಳೋಣ.

```
R = | 0  -1 |      S = | 1  1 |
    | 1   0 |          | 0  1 |
```

R ಗಡಿಯಾರದ ಎದುರು ದಿಕ್ಕಿಗೆ 90 ಡಿಗ್ರಿ ತಿರುಗಿಸುತ್ತದೆ. ಕಾಲಂ ನೋಡಿ: ಬಲದ ಬಾಣ ಮೇಲಕ್ಕೆ ಹೋಯಿತು, ಮೇಲಿನ ಬಾಣ ಎಡಕ್ಕೆ ಹೋಯಿತು. S ವಾಲಿಸುತ್ತದೆ. ಬಲದ ಬಾಣ ಇದ್ದಲ್ಲೇ ಇದೆ, ಮೇಲಿನ ಬಾಣ (1,1)ಕ್ಕೆ ಬಾಗಿದೆ. ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಿ ಪಕ್ಕಕ್ಕೆ ತಳ್ಳಿದರೆ ಬುಡದ್ದು ಅಲ್ಲಾಡದೆ ಮೇಲಿನವು ಜರುಗುತ್ತವಲ್ಲ, ಹಾಗೆ.

SR ಅಂದರೆ ಮೊದಲು R, ಆಮೇಲೆ S. ವೆಕ್ಟರಿಗೆ ಹತ್ತಿರ ಇರುವುದು ಮೊದಲು ಕೆಲಸ ಮಾಡುತ್ತದೆ, ಹಾಗಾಗಿ ಬಲದಿಂದ ಎಡಕ್ಕೆ ಓದಿ. ಲೆಕ್ಕ ಸುಲಭ: Rನ ಒಂದೊಂದು ಕಾಲಂ ಅನ್ನೂ Sಗೆ ಕೊಡಿ.

```
S(0,1)  = (1,1)
S(-1,0) = (-1,0)

SR = | 1  -1 |      RS = | 0  -1 |
     | 1   0 |           | 1   1 |
```

RSಗೂ ಹಾಗೆಯೇ, Sನ ಕಾಲಂಗಳನ್ನು Rಗೆ ಕೊಟ್ಟೆ. ಎರಡೂ ಬೇರೆ ಬೇರೆ. ನಂಬಿಕೆ ಬರದಿದ್ದರೆ (2,1) ಅನ್ನು ಕಳಿಸಿ ನೋಡಿ. ತಿರುಗಿಸಿ ವಾಲಿಸಿದರೆ (−1,2) ಆಗಿ (1,2)ಕ್ಕೆ ಬರುತ್ತದೆ. ವಾಲಿಸಿ ತಿರುಗಿಸಿದರೆ (3,1) ಆಗಿ (−1,3)ಕ್ಕೆ ಹೋಗುತ್ತದೆ. AB ಮತ್ತು BA ಒಂದೇ ಆಗಬೇಕಿಲ್ಲ ಅನ್ನುವ ನಿಯಮವನ್ನು ಬಾಯಿಪಾಠ ಮಾಡಬೇಕಾಗಿಯೇ ಇಲ್ಲ. ಒಗ್ಗರಣೆ ಹಾಕಿ ನೀರು ಸುರಿಯುವುದೂ ನೀರು ಸುರಿದು ಒಗ್ಗರಣೆ ಹಾಕುವುದೂ ಒಂದೇನಾ?

ಡಿಟರ್ಮಿನೆಂಟ್: ಒಂದು ಚೌಕ ಎಷ್ಟು ದೊಡ್ಡದಾಯಿತು?

ಮೊದಲಿನ A ಗೆ ವಾಪಸ್ ಬನ್ನಿ. ಮೂಲ ಎರಡು ಬಾಣಗಳ ನಡುವೆ 1×1 ಚೌಕ ಇತ್ತು. A ಆದ ಮೇಲೆ ಅದರ ನಾಲ್ಕು ಮೂಲೆಗಳು ಇಲ್ಲಿವೆ:

```
4 | .  .  .  *
3 | .  *  .  .
2 | .  .  .  .
1 | .  .  *  .
0 | *  .  .  .
    0  1  2  3
```

ನಕ್ಷತ್ರಗಳನ್ನು ಸೇರಿಸಿ. ಸಿಗುವುದು ವಾಲಿದ ಚೌಕ, ಅಂದರೆ ಸಮಾಂತರ ಚತುರ್ಭುಜ. ಸೂತ್ರದ ಪ್ರಕಾರ 2×3 − 1×1 = 5. ಅದರ ಏರಿಯಾ ನಿಜವಾಗಲೂ 5 ಇದೆಯಾ? ಸುತ್ತ 3×4ರ ಪೆಟ್ಟಿಗೆ ಎಳೆಯಿರಿ, ಏರಿಯಾ 12. ಹೊರಗೆ ಉಳಿದದ್ದು: ಕೆಳಗೂ ಮೇಲೂ ತಲಾ 1ರ ತ್ರಿಕೋನ, ಎಡಕ್ಕೂ ಬಲಕ್ಕೂ ತಲಾ 1.5ರ ತ್ರಿಕೋನ, ಎರಡು ಮೂಲೆಯಲ್ಲಿ 1×1ರ ಚೌಕ. 12 − 2 − 3 − 2 = 5. ಇದನ್ನು ಒಂದು ಸಲ ಕೈಯಾರೆ ಎಳೆದು ನೋಡಿ. ad − bc ಎಲ್ಲಿಂದ ಬಂತು ಅಂತ ಆಮೇಲೆ ಯಾರನ್ನೂ ಕೇಳಬೇಕಾಗಿಲ್ಲ.

ಬರೀ ಆ ಚೌಕ ಮಾತ್ರವಲ್ಲ, ಹಾಳೆಯ ಮೇಲೆ ಏನೇ ಬರೆದರೂ ಅದರ ಏರಿಯಾ 5 ಪಟ್ಟು ಆಗುತ್ತದೆ. ಮೈನಸ್ ಬಂದರೆ ಹಾಳೆ ಮಗುಚಿದೆ ಅಂತ ಅರ್ಥ, ಕನ್ನಡಿಯಲ್ಲಿ ನೋಡಿದ ಹಾಗೆ.

ಸೊನ್ನೆ ಬಂದರೆ?

```
B = | 1  2 |      1×4 - 2×2 = 0
    | 2  4 |
```

ಎರಡೂ ಕಾಲಂ ಒಂದೇ ಗೆರೆಯ ಮೇಲೆ: (1,2) ಮತ್ತು (2,4). ಇಡೀ ಹಾಳೆ y = 2x ಅನ್ನುವ ಒಂದೇ ಗೆರೆಗೆ ಚಪ್ಪಟೆಯಾಗಿ ಬಿತ್ತು. ಗೆರೆಗೆ ಏರಿಯಾ ಎಲ್ಲಿದೆ? (2,−1) ಅಂತೂ ನೇರವಾಗಿ (0,0)ಕ್ಕೆ ಬಂದು ಕೂರುತ್ತದೆ.

ಇನ್ವರ್ಸ್: ವಾಪಸ್ ಹೋಗುವ ದಾರಿ

ಹಾಳೆ ಚಪ್ಪಟೆಯಾಗದಿದ್ದರೆ ಮಾತ್ರ ವಾಪಸ್ ಹೋಗಬಹುದು. Bಯಲ್ಲಿ ಎಷ್ಟೋ ಚುಕ್ಕಿಗಳು ಒಂದೇ ಕಡೆ ಬಂದು ಸೇರಿವೆ. ಯಾವುದು ಎಲ್ಲಿಂದ ಬಂತು ಅಂತ ಹೇಳುವುದು ಹೇಗೆ? Aಗೆ ಆ ತಾಪತ್ರಯ ಇಲ್ಲ.

```
A⁻¹ = (1/5) |  3  -1 |
            | -1   2 |

A⁻¹(8,9) = (15/5, 10/5) = (3,2)
```

ಹೊರಟ ಜಾಗಕ್ಕೇ ಬಂದೆವು. ಆ 1/5 ಯಾಕೆ ಅಂದರೆ, 5 ಪಟ್ಟು ಹಿಗ್ಗಿದ್ದನ್ನು ಕುಗ್ಗಿಸಬೇಕಲ್ಲ. ಸಂಖ್ಯೆಗಳನ್ನು ಅದಲು ಬದಲು ಮಾಡಿದರೂ ಆ 1/5 ಹಾಕದೆ ಬಿಟ್ಟು ಕಳೆದ ಟೆಸ್ಟಿನಲ್ಲಿ ನಾನು ಮಾರ್ಕ್ಸ್ ಕಳೆದುಕೊಂಡಿದ್ದೇನೆ.

(SR)⁻¹ = R⁻¹S⁻¹ ಅಂತ ಕ್ರಮ ಉಲ್ಟಾ ಆಗುವುದಕ್ಕೆ ಅಡುಗೆಮನೆ ನೋಡಿ. ಕುಕ್ಕರಿಗೆ ಮೊದಲು ಮುಚ್ಚಳ, ಆಮೇಲೆ ವೆಯ್ಟ್. ತೆಗೆಯುವಾಗ ಮೊದಲು ವೆಯ್ಟ್, ಆಮೇಲೆ ಮುಚ್ಚಳ.

ಟ್ರಾನ್ಸ್‌ಪೋಸ್

ಸಾಲನ್ನು ಕಾಲಂ ಮಾಡುವುದು. ಕರ್ಣದ ಮೇಲೆ ಕನ್ನಡಿ ಇಟ್ಟ ಹಾಗೆ ಅಂತ ಬೋರ್ಡಿನಲ್ಲಿ ಬಂತು. ಆದರೆ ಅದು ಬರೆದ ಸಂಖ್ಯೆಗಳ ಚಿತ್ರ, ಬಾಣಗಳ ಚಿತ್ರ ಅಲ್ಲ. ಕೆಲಸಕ್ಕೆ ಬರುವ ಮಾತು ಇದು: ಡಾಟ್ ಪ್ರಾಡಕ್ಟಿನಲ್ಲಿ ಒಂದು ಕಡೆಯ ಮ್ಯಾಟ್ರಿಕ್ಸ್ ಇನ್ನೊಂದು ಕಡೆಗೆ ದಾಟಿದರೆ ಟ್ರಾನ್ಸ್‌ಪೋಸ್ ಆಗುತ್ತದೆ.

```
x = (3,2), y = (1,4)
Sx·y  = (5,2)·(1,4) = 13
x·Sᵀy = (3,2)·(1,5) = 13
```

ತಿರುಗಿಸುವ R ಗೆ ಟ್ರಾನ್ಸ್‌ಪೋಸೇ ಇನ್ವರ್ಸ್. ಬರೆದು ನೋಡಿ, ಅದು ಗಡಿಯಾರದ ದಿಕ್ಕಿಗೆ 90 ಡಿಗ್ರಿ ತಿರುಗಿಸುತ್ತದೆ.

ಐಗನ್ ವೆಕ್ಟರ್: ದಿಕ್ಕು ಬಿಡದ ಬಾಣ

```
C = | 2  1 |
    | 1  2 |

C(1,0)  = (2,1)
C(1,1)  = (3,3)
C(1,-1) = (1,-1)
```

(1,0) ಬಾಣ ಬೇರೆ ಕಡೆ ತಿರುಗಿಬಿಟ್ಟಿತು. (1,1) ತನ್ನ ಗೆರೆಯಲ್ಲೇ ನಿಂತು 3 ಪಟ್ಟು ಉದ್ದವಾಯಿತು. (1,−1) ಅಲ್ಲಾಡಲೇ ಇಲ್ಲ, ಅಂದರೆ 1 ಪಟ್ಟು. ಈ 3 ಮತ್ತು 1 ಐಗನ್ ವ್ಯಾಲ್ಯೂಗಳು. ರಬ್ಬರ್ ಹಾಳೆಯನ್ನು ಓರೆಯಾಗಿ ಒಂದೇ ದಿಕ್ಕಿಗೆ ಎಳೆದ ಚಿತ್ರ. ಒಂದು ಕಡೆ 3 ಪಟ್ಟು, ಅಡ್ಡಕ್ಕೆ 1 ಪಟ್ಟು ಆದ್ದರಿಂದ ಏರಿಯಾ 3 ಪಟ್ಟು. ಡಿಟರ್ಮಿನೆಂಟ್ ಕೂಡ 2×2 − 1×1 = 3. ಕರ್ಣದ ಮೊತ್ತ 2 + 2 = 4, ಐಗನ್ ವ್ಯಾಲ್ಯೂಗಳ ಮೊತ್ತವೂ 4. ಟೆಸ್ಟಿನಲ್ಲಿ ಉತ್ತರ ತಾಳೆ ನೋಡಲು ಇವೆರಡು ಸಾಕು.

R ನಲ್ಲಿ ಎಲ್ಲ ಬಾಣಗಳೂ ತಿರುಗುತ್ತವೆ. ದಿಕ್ಕು ಬಿಡದ ಬಾಣ ಹಾಳೆಯ ಮೇಲೆ ಸಿಗುವುದೇ ಇಲ್ಲ, ಅದಕ್ಕೇ ಅಲ್ಲಿ ಉತ್ತರ ±i ಅಂತ ಬರುವುದು. S ನಲ್ಲಿ ಬಲ–ಎಡದ ಗೆರೆ ಒಂದೇ ಉಳಿಯುತ್ತದೆ.

ಪೆನ್ ಎತ್ತದೆ, ಬರೀ ಕಣ್ಣಲ್ಲಿ

1. ಕಾಲಂಗಳು (3,0) ಮತ್ತು (0,½). ಚೌಕ ಏನಾಯಿತು?
2. ಕಾಲಂಗಳು (0,1) ಮತ್ತು (1,0). ಇದನ್ನೇ ಎರಡು ಸಲ ಮಾಡಿದರೆ?
3. Bx = (3,5)ಕ್ಕೆ ಉತ್ತರ ಇದೆಯಾ? Bx = (3,6)ಕ್ಕೆ?

ಉತ್ತರ: 1. ಅಗಲ 3, ಎತ್ತರ ಅರ್ಧ, ಏರಿಯಾ 1.5. 2. ಎರಡು ಸಲ ಮಗುಚಿ ಮೊದಲಿನ ಹಾಗೇ ಆಯಿತು. 3. (3,5) ಆ ಗೆರೆಯ ಮೇಲೆ ಇಲ್ಲ, ಹಾಗಾಗಿ ಉತ್ತರ ಇಲ್ಲ. (3,6) ಗೆರೆಯ ಮೇಲಿದೆ, ಉತ್ತರ ಲೆಕ್ಕವಿಲ್ಲದಷ್ಟು: (3,0), (1,1), (−1,2)…