ಸ್ಟೀಮ್ ಐರನ್ ಪ್ರಾಬ್ಲಂ: ಪ್ರಾಡಕ್ಟ್ ಲಯಬಿಲಿಟಿ ಮತ್ತು ಅನುಚಿತ ವ್ಯಾಪಾರ ಪದ್ಧತಿ

ಸಂಗತಿ ಇಷ್ಟು. ಒಬ್ಬ ಅಕ್ಕ ಮನೆಯಲ್ಲೇ ಒಂದು ಮಿಷನ್ ಇಟ್ಕೊಂಡು ಬ್ಲೌಸ್ ಹೊಲೀತಾರೆ, ಕೆಲಸದವರು ಯಾರೂ ಇಲ್ಲ, ಮನೆ ನಡೆಯೋದೇ ಅದರಿಂದ. 2025ರ ಮಾರ್ಚ್ 4ಕ್ಕೆ ಆನ್‌ಲೈನಲ್ಲಿ 2,349 ರೂಪಾಯಿಗೆ ಒಂದು ಸ್ಟೀಮ್ ಐರನ್ ಆರ್ಡರ್ ಮಾಡಿದ್ರು. ಲಿಸ್ಟಿಂಗಲ್ಲಿ ಐಎಸ್ಐ ಮಾರ್ಕ್, ಆಟೋ ಕಟ್ ಆಫ್, ಎರಡು ವರ್ಷ ವಾರಂಟಿ ಅಂತ ಇತ್ತು, ಪಕ್ಕದಲ್ಲಿ ಪ್ಲಾಟ್‌ಫಾರ್ಮ್‌ನವರದ್ದೇ "ನಾವು ಪರೀಕ್ಷಿಸಿದ ವಸ್ತು" ಅನ್ನೋ ಬ್ಯಾಡ್ಜ್. 8ನೇ ತಾರೀಕು ಡೆಲಿವರಿ ಆಯ್ತು. ಬಾಕ್ಸ್ ಮೇಲೆ ಮಾರಾಟಗಾರನ ಬ್ರಾಂಡ್ ಸ್ಟಿಕ್ಕರ್, ಅದನ್ನ ಕಿತ್ತು ನೋಡಿದ್ರೆ ಕೆಳಗೆ ಬೇರೆ ಯಾವುದೋ ಹೆಸರು ಅರ್ಧ ಅಳಿಸಿದೆ, ಐಎಸ್ಐ ಗುರುತು ಎಲ್ಲೂ ಇಲ್ಲ, ಒಳಗೆ ಮ್ಯಾನ್ಯುಯಲ್ಲೂ ಇಲ್ಲ.

ಐದನೇ ದಿನ ಹಿಡಿಕೆ ಹತ್ರ ನೀರು ಸೋರೋಕೆ ಶುರುವಾಯ್ತು. ಫೋಟೋ ತೆಗೆದು ಆಪ್ ಚಾಟಲ್ಲಿ ಹಾಕಿದ್ರೆ ಮಾರಾಟಗಾರನ ಉತ್ತರ: "ಹೊಸದರಲ್ಲಿ ಹಂಗೇ ಆಗುತ್ತೆ ಮೇಡಂ, ಯೂಸ್ ಮಾಡ್ತಾ ಇರಿ, ಸರಿ ಹೋಗುತ್ತೆ." ಹನ್ನೆರಡನೇ ದಿನ ಟ್ಯಾಂಕಿನ ಜಾಯಿಂಟ್ ಬಿಟ್ಟು ಬಿಸಿ ಹಬೆ ಬಲಗೈಗೆ ಹೊಡೀತು, ಮೊಣಕೈವರೆಗೆ ಸುಟ್ಟಿದೆ, ಐರನ್ ಕೈ ತಪ್ಪಿ ಬಿದ್ದು ಗಿರಾಕಿಯೊಬ್ಬರ ರೇಷ್ಮೆ ಸೀರೆನೂ ಹೋಯ್ತು. ಮೂರು ವಾರ ಹೊಲಿಗೆ ಬಂದ್. ವಾಪಸ್ ತಗೊಳ್ಳಿ ಅಂದ್ರೆ "7 ದಿನದ ರಿಟರ್ನ್ ಮುಗೀತು" ಅಂದ್ರು, ಆದ್ರೆ ಬಿಲ್ಲಲ್ಲಿ ಆ 7 ದಿನದ ಮಾತೇ ಇಲ್ಲ. ಅಕ್ಕ ಒಂದು ಸ್ಟಾರ್ ಕೊಟ್ಟು ನಡೆದದ್ದನ್ನ ಬರೆದ್ರೆ, ಅದನ್ನ ಅಳಿಸಿದ್ರೆ 500 ರೂಪಾಯಿ ಕೂಪನ್ ಕೊಡ್ತೀವಿ ಅಂತ ಮೆಸೇಜ್ ಬಂತು. ಪ್ಲಾಟ್‌ಫಾರ್ಮ್‌ನವರದ್ದು ಒಂದೇ ಮಾತು, ನಾವು ಬರೀ ಮಧ್ಯವರ್ತಿ.

ಪ್ರಶ್ನೆ: ಅಕ್ಕ ದೂರು ಕೊಡಬಹುದಾ, ಯಾರ ಮೇಲೆ, ಏನೇನು ಸಿಗುತ್ತೆ?

ಮೊದಲು ಅಕ್ಕ "ಗ್ರಾಹಕ" ಹೌದಾ ಅಂತ ನೋಡಬೇಕು, ಯಾಕಂದ್ರೆ ಎದುರು ಪಾರ್ಟಿ ಮೊದಲು ಎತ್ತೋದೇ ಇದನ್ನ, ದುಡ್ಡು ದುಡಿಯೋಕೆ ತಗೊಂಡಿದ್ದು ಅಲ್ವಾ, ವಾಣಿಜ್ಯ ಉದ್ದೇಶ ಅಂತ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಸೆಕ್ಷನ್ 2(7)ರ ವಿವರಣೆ ಓದಿ, ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕೆ ಅಂತಲೇ ತಗೊಂಡು ಸ್ವತಃ ಬಳಸಿದ್ರೆ ಅದು ವಾಣಿಜ್ಯ ಉದ್ದೇಶ ಆಗಲ್ಲ. ಒಂದೇ ಮಿಷನ್, ಒಬ್ಬರೇ ಹೊಲಿಯೋದು ಅನ್ನೋದನ್ನ ದೂರಿನ ಮೊದಲ ಪ್ಯಾರಾದಲ್ಲೇ ಬರೀಬೇಕು. ಆನ್‌ಲೈನ್ ಖರೀದಿನೂ ಅದೇ ವಿವರಣೆಯಲ್ಲಿ ಸೇರಿದೆ.

ಈಗ ಮಾರಾಟಗಾರ. ತುಂಬಾ ಜನ ಇಲ್ಲಿ ಸೀದಾ ಸೆಕ್ಷನ್ 86ಕ್ಕೆ ಹೋಗ್ತಾರೆ, ಮಾರೋನ ಹೊಣೆ ಅಂತ. ಆ ಸ್ಟಿಕ್ಕರ್ ಮರೀಬೇಡಿ! ಬೇರೆಯವರು ಮಾಡಿದ ವಸ್ತುವಿಗೆ ತನ್ನ ಗುರುತು ಹಾಕಿ ಮಾರೋನು ಸೆಕ್ಷನ್ 2(36)ರ ಪ್ರಕಾರ ತಯಾರಕನೇ. ಹಂಗಾಗಿ ಇವನ ಮೇಲೆ ಸೆಕ್ಷನ್ 84 ಬರುತ್ತೆ: ಉತ್ಪಾದನೆಯ ದೋಷ, ವಿನ್ಯಾಸದ ದೋಷ, ಕೊಟ್ಟ ವಾರಂಟಿಗೆ ತಕ್ಕಂತೆ ಇಲ್ಲದಿರೋದು, ಸರಿಯಾದ ಸೂಚನೆ ಕೊಡದಿರೋದು, ಯಾವುದೇ ಒಂದು ಸಾಬೀತಾದ್ರೂ ಸಾಕು. ಆಟೋ ಕಟ್ ಆಫ್, ಐಎಸ್ಐ ಅಂತೆಲ್ಲ ಬರೆದು ಕೊಟ್ಟ ವಾರಂಟಿ ವಿಷಯದಲ್ಲಿ ನಾನು ಅಜಾಗರೂಕನಾಗಿರಲಿಲ್ಲ, ಮೋಸ ಮಾಡೋ ಉದ್ದೇಶ ಇರಲಿಲ್ಲ ಅಂತ ತೋರಿಸಿದ್ರೂ 84(2) ಅವನನ್ನ ಬಿಡಲ್ಲ.

ಅವನ ಕಡೆ ಇನ್ನೊಂದು ವಾದ ಖಂಡಿತ ಬರುತ್ತೆ, ನಲ್ಲಿ ನೀರು ಹಾಕಿದ್ರು, ಅದು ದುರ್ಬಳಕೆ, ಸೆಕ್ಷನ್ 87 ಅಂತ. ಯಾವ ನೀರು ಹಾಕಬೇಕು ಅಂತ ಹೇಳೋ ಒಂದು ಚೀಟಿನೂ ಬಾಕ್ಸಲ್ಲಿ ಇಲ್ದಿರೋವಾಗ ಈ ವಾದ ತಿರುಗಿ ಅವನಿಗೇ ಹೊಡೆಯುತ್ತೆ, ಸೂಚನೆ ಕೊಡದಿರೋದೇ ದೋಷ ಅಲ್ವಾ. ಅದಕ್ಕಿಂತ ಹೆಚ್ಚಾಗಿ ಆ "ಯೂಸ್ ಮಾಡ್ತಾ ಇರಿ" ಮೆಸೇಜ್ ಇದೆ. ಸೋರೋದು ಗೊತ್ತಿದ್ದೂ ಬಳಸೋಕೆ ಹೇಳಿದವನು ಆಮೇಲೆ ಬಳಸಿದ್ದೇ ತಪ್ಪು ಅನ್ನೋಕೆ ಬಾಯೆಲ್ಲಿದೆ? ನನ್ನ ಪ್ರಕಾರ ಇಡೀ ಕೇಸಲ್ಲಿ ಗಟ್ಟಿ ಸಾಕ್ಷಿ ಆ ಒಂದು ಸಾಲು, ತಾರೀಕು ಸಮಯ ಕಾಣೋ ಹಾಗೆ ಅದರ ಸ್ಕ್ರೀನ್‌ಶಾಟ್ ಇರಲೇಬೇಕು.

ಪ್ಲಾಟ್‌ಫಾರ್ಮ್ ವಿಷಯ ಅಷ್ಟು ಸುಲಭ ಇಲ್ಲ. ಆನ್‌ಲೈನ್ ಮಾರುಕಟ್ಟೆಗೆ 2(17)ರಲ್ಲಿ ಬೇರೆ ವ್ಯಾಖ್ಯಾನ ಇದೆ, ಎಲೆಕ್ಟ್ರಾನಿಕ್ ಸೇವೆ ಒದಗಿಸುವವರು ಅಂತ, ಅವರು ಅದನ್ನೇ ಹಿಡ್ಕೊಂಡು ನಾವು ಮಾರಾಟಗಾರರಲ್ಲ ಅಂತಾರೆ. ನಮ್ಮ ಕಡೆಯಿಂದ ಎರಡು ವಾದ. 2(37)ರ "ಉತ್ಪನ್ನ ಮಾರಾಟಗಾರ" ಅನ್ನೋದು ಮಾರುಕಟ್ಟೆ ಮಾಡೋರನ್ನೂ, ವಸ್ತುವನ್ನ ಮಾರುಕಟ್ಟೆಗೆ ತರೋದರಲ್ಲಿ ಬೇರೆ ರೀತಿ ಭಾಗಿಯಾದವರನ್ನೂ ಒಳಗೊಳ್ಳುತ್ತೆ. ಇನ್ನು ಆ ಬ್ಯಾಡ್ಜ್, ಪರೀಕ್ಷಿಸಿದ್ದೀವಿ ಅಂತ ಹೇಳಿದ್ದು ತಯಾರಕನ ವಾರಂಟಿಯಿಂದ ಬೇರೆಯಾದ ಸ್ವತಂತ್ರ ಭರವಸೆ, ಅದು 86(ಸಿ)ಗೆ ಬರುತ್ತೆ ಅಂತ ವಾದಿಸಬಹುದು. ಗೆಲ್ತೀವಿ ಅಂತ ಬರೀಬೇಡಿ, ವಾದಕ್ಕೆ ಜಾಗ ಇದೆ ಅಂತ ಬರೀರಿ.

ಅನುಚಿತ ವ್ಯಾಪಾರ ಪದ್ಧತಿ 2(47)ರಲ್ಲಿದೆ. ಇಲ್ಲದ ಐಎಸ್ಐ ಗುರುತು ಇದೆ ಅಂದಿದ್ದು ಗುಣಮಟ್ಟದ ಬಗ್ಗೆ ಸುಳ್ಳು ಹೇಳಿಕೆ. ದೋಷದ ವಸ್ತು ವಾಪಸ್ ತಗೊಳ್ಳದೆ ಇರೋದೂ ಅದರಲ್ಲೇ ಬರುತ್ತೆ, ಬಿಲ್ಲಲ್ಲಿ ಅವಧಿ ಹೇಳಿಲ್ಲ ಅಂದ್ರೆ 30 ದಿನ. ಅಕ್ಕ ಹೇಳಿದ್ದು ಐದನೇ ದಿನ, ಅಂದ್ರೆ ಆಪಿನ 7 ದಿನ ಹಿಡಿದ್ರೂ ಒಳಗೇ ಇದ್ದಾರೆ. ಕೂಪನ್ ಕೊಟ್ಟು ರಿವ್ಯೂ ಅಳಿಸೋಕೆ ಕೇಳಿದ್ದು ನನಗೆ ಅತಿ ಕೆಟ್ಟದಾಗಿ ಕಾಣುತ್ತೆ, ಯಾಕಂದ್ರೆ ಅದೇ ಐರನ್ ನಾಳೆ ಇನ್ನೊಬ್ಬರ ಕೈ ಸುಡೋದನ್ನ ತಡೆಯೋದೇ ಆ ರಿವ್ಯೂ, ಅದನ್ನೇ ದುಡ್ಡು ಕೊಟ್ಟು ತೆಗೆಸ್ತಾ ಇದ್ದಾರೆ.

ಪರಿಹಾರದಲ್ಲಿ ಹುಡುಗರು ಎಡವೋದು "ಹಾನಿ" ಅನ್ನೋ ಪದದಲ್ಲಿ, 2(22). ಕೈ ಸುಟ್ಟಿದ್ದು, ಸೀರೆ ಹಾಳಾಗಿದ್ದು, ಅದರಿಂದಾದ ಮಾನಸಿಕ ನೋವು ಹಾನಿ. ಐರನ್ ಕೆಟ್ಟಿದ್ದು ಹಾನಿ ಅಲ್ಲ, ಹಾಗಂತ 2,349 ಕೈಬಿಡಬೇಕಾಗಿಲ್ಲ, ಅದನ್ನ ದೋಷದ ವಸ್ತುವಿನ ಬೆಲೆ ವಾಪಸ್ ಅಂತ ಸೆಕ್ಷನ್ 39ರಲ್ಲಿ ಬೇರೆ ಕೇಳಬೇಕು. ಮೂರು ವಾರದ ದುಡಿಮೆ ನಿಜವಾಗ್ಲೂ ಕಷ್ಟದ್ದು. ಗಾಯದಿಂದ ಉಂಟಾದ "ಇತರ ನಷ್ಟ" ಅಂತ ನಾವು ಕೇಳ್ತೀವಿ, ವಾಣಿಜ್ಯ ಅಥವಾ ಆರ್ಥಿಕ ನಷ್ಟ ಸೇರಲ್ಲ ಅನ್ನೋ ಸಾಲನ್ನ ಅವರು ತೋರಿಸ್ತಾರೆ. ಐರನ್ ಕೆಟ್ಟು ವ್ಯಾಪಾರ ನಿಂತಿದ್ರೆ ಅವರ ಮಾತು ಸರಿ, ಇಲ್ಲಿ ನಿಂತಿದ್ದು ಕೈ. ಎರಡೂ ಕಡೆ ಬರೆದು ನಿಮ್ಮ ತೀರ್ಮಾನ ಕೊಡಿ.

ದೂರು ಅಕ್ಕ ವಾಸ ಮಾಡೋ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಹಾಕಬಹುದು, ಮಾರಾಟಗಾರ ಎಲ್ಲೇ ಇರಲಿ. ಕೊಟ್ಟ ಬೆಲೆ 50 ಲಕ್ಷದೊಳಗೆ ಇರೋದ್ರಿಂದ ಜಿಲ್ಲಾ ಆಯೋಗ, 5 ಲಕ್ಷದವರೆಗೆ ಫೀಸ್ ಇಲ್ಲ, ಗಡುವು ಎರಡು ವರ್ಷ. ಐರನ್ ರಿಪೇರಿಗೆ ಕೊಡಬಾರದು, ಬಿಸಾಕಬಾರದು, ಆ ಬಿಟ್ಟುಹೋದ ಜಾಯಿಂಟ್ ಹಂಗೇ ಇರಬೇಕು, ಯಾಕಂದ್ರೆ ದೋಷ ಪರೀಕ್ಷೆ ಇಲ್ಲದೆ ಗೊತ್ತಾಗಲ್ಲ ಅನ್ನಿಸಿದ್ರೆ ಆಯೋಗ ಸೆಕ್ಷನ್ 38ರಲ್ಲಿ ಅದನ್ನ ಲ್ಯಾಬಿಗೆ ಕಳಿಸುತ್ತೆ.

ಉಪಪ್ರಶ್ನೆ: ಬಾಕ್ಸ್ ಮೇಲೆ ಆ ಸ್ಟಿಕ್ಕರ್ ಇರಲೇ ಇಲ್ಲ, ತಯಾರಕ ಯಾರು ಅಂತನೂ ಗೊತ್ತಿಲ್ಲ ಅಂತ ಇಟ್ಕೊಳ್ಳಿ. ಆಗ 84 ಹೋಗುತ್ತೆ, ಆದ್ರೆ 86(ಡಿ) ಇದೆ, ತಯಾರಕನ ಗುರುತು ಸಿಗದಿದ್ರೆ ಮಾರಿದವನೇ ಹೊಣೆ.